45 ಬೋಗಿಗಳ ಲೆಕ್ಕ

‘ಟಿಕೆಟ್ ಟು ರೈಡ್’ ಆಟದಲ್ಲಿ ಬೋರ್ಡಿನ ಮೇಲೆ ಇನ್ನೂ ಒಂದು ಬೋಗಿಯನ್ನೂ ಇಟ್ಟಿರುವುದಿಲ್ಲ, ಆಗಲೇ ಅರ್ಧ ಆಟ ತೀರ್ಮಾನವಾಗಿರುತ್ತದೆ. ಪ್ರತಿ ಆಟಗಾರರ ಕೈಗೆ ಮೂರು ಟಿಕೆಟ್ ಬರುತ್ತವೆ. ಒಂದೊಂದರ ಮೇಲೂ ಎರಡು ಊರಿನ ಹೆಸರು, ಪಕ್ಕದಲ್ಲೊಂದು ಅಂಕ. ಮೂರನ್ನೂ ಇಟ್ಟುಕೊಳ್ಳಬಹುದು, ಬೇಡವೆಂದರೆ ಒಂದನ್ನು ಹಿಂದಿರುಗಿಸಬಹುದು. ಎರಡಂತೂ ಕೈಯಲ್ಲಿ ಉಳಿಯಲೇಬೇಕು. ಹೊಸಬರು ಇಲ್ಲಿ ಸಾಮಾನ್ಯವಾಗಿ ದೊಡ್ಡ ಅಂಕದ ಎರಡನ್ನು ಉಳಿಸಿಕೊಂಡು ಚಿಕ್ಕದನ್ನು ಬಿಡುತ್ತಾರೆ. ಬಹಳ ಸಲ ಇದು ತಪ್ಪು ಆಯ್ಕೆ. ಯಾಕೆಂದು ತಿಳಿಯಲು ಆಟದ ಒಳಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ದಾರಿ ಕಟ್ಟುವ ಬೋರ್ಡ್ ಆಟಗಳು ಬೇಕಾದಷ್ಟಿವೆ. ಅವುಗಳಲ್ಲಿ ಮನೆಮನೆಗೆ ಹೋದದ್ದು ಇದು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅಲನ್ ಆರ್. ಮೂನ್ ಇದನ್ನು ರಚಿಸಿದವರು. ಡೇಸ್ ಆಫ್ ವಂಡರ್ ಸಂಸ್ಥೆ 2004ರಲ್ಲಿ ಹೊರತಂದಿತು, ಅದೇ ವರ್ಷ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿಯೂ ಬಂತು. ಮೂನ್ ಅವರ ‘ಎಲ್ಫೆನ್‌ಲ್ಯಾಂಡ್’ಗೆ 1998ರಲ್ಲಿ ಇದೇ ಪ್ರಶಸ್ತಿ ಸಿಕ್ಕಿತ್ತು. ಬೆಂಗಳೂರಿನ ಬೋರ್ಡ್‌ಗೇಮ್ ಕೆಫೆಗಳಲ್ಲಿ, ಮಕ್ಕಳಿರುವ ಮನೆಗಳ ಕಪಾಟುಗಳಲ್ಲಿ ಇಂದು ಇದು ಅಪರೂಪದ ವಸ್ತುವಲ್ಲ. ಇಲ್ಲಿ ಹೇಳುತ್ತಿರುವುದು ಮೂಲ ಆಟದ, ಅಂದರೆ ಅಮೆರಿಕ ಮತ್ತು ದಕ್ಷಿಣ ಕೆನಡಾ ನಕ್ಷೆಯ ವಿಷಯ.

ನಿಯಮಗಳು ಹೆಚ್ಚಿಲ್ಲ. ನಕ್ಷೆಯ ಮೇಲೆ ಊರುಗಳು, ಊರಿಂದೂರಿಗೆ ಹಳಿಯ ತುಂಡುಗಳು. ತುಂಡಿನಲ್ಲಿ ಒಂದರಿಂದ ಆರರವರೆಗೆ ಮನೆಗಳು, ಅದಕ್ಕೊಂದು ಬಣ್ಣ. ನಾಲ್ಕು ಮನೆಯ ನೀಲಿ ತುಂಡು ಬೇಕೆಂದರೆ ನಾಲ್ಕು ನೀಲಿ ಕಾರ್ಡ್ ಕೊಟ್ಟು ನಿಮ್ಮ ನಾಲ್ಕು ಪುಟ್ಟ ಬೋಗಿಗಳನ್ನು ಅಲ್ಲಿ ಜೋಡಿಸುತ್ತೀರಿ. ಬೂದು ತುಂಡಾದರೆ ಬಣ್ಣ ಯಾವುದಾದರೂ ಆದೀತು, ಎಲ್ಲವೂ ಒಂದೇ ಬಣ್ಣದವಾಗಿದ್ದರೆ ಸಾಕು. ಒಬ್ಬರು ಹಿಡಿದ ತುಂಡು ಮತ್ತೊಬ್ಬರಿಗೆ ಸಿಗುವುದಿಲ್ಲ. ಎಂಟು ಬಣ್ಣಗಳಲ್ಲಿ ತಲಾ 12 ಕಾರ್ಡ್, ಜೊತೆಗೆ ಯಾವ ಬಣ್ಣಕ್ಕೂ ಒದಗುವ 14 ಎಂಜಿನ್ ಕಾರ್ಡ್. ನಿಮ್ಮ ಸರದಿಯಲ್ಲಿ ಮಾಡಬಹುದಾದದ್ದು ಮೂರರಲ್ಲಿ ಒಂದು: ಎರಡು ಕಾರ್ಡ್ ತೆಗೆದುಕೊಳ್ಳುವುದು, ಒಂದು ತುಂಡಿನ ಮೇಲೆ ಬೋಗಿ ಇಡುವುದು, ಇಲ್ಲವೇ ಹೊಸ ಟಿಕೆಟ್ ಎತ್ತುವುದು. ಎಲ್ಲರಿಗೂ 45 ಬೋಗಿ. ಯಾರದಾದರೂ ಬೋಗಿ ಎರಡಕ್ಕೋ ಅದಕ್ಕಿಂತ ಕಡಿಮೆಗೋ ಇಳಿದರೆ, ಅವರೂ ಸೇರಿ ಎಲ್ಲರಿಗೂ ಒಂದೊಂದು ಸರದಿ, ಅಲ್ಲಿಗೆ ಆಟ ಮುಗಿಯಿತು. ಟಿಕೆಟ್ಟಿನ ಎರಡು ಊರುಗಳನ್ನು ನಿಮ್ಮ ಬೋಗಿಗಳೇ ಕೂಡಿಸಿದ್ದರೆ ಅದರ ಅಂಕ ನಿಮಗೆ ಸೇರುತ್ತದೆ. ಕೂಡಿಸದಿದ್ದರೆ ಅಷ್ಟೇ ಅಂಕ ಕಳೆಯುತ್ತದೆ. ಎಲ್ಲರಿಗಿಂತ ಉದ್ದದ ಒಂದೇ ಎಳೆಯ ದಾರಿ ಕಟ್ಟಿದವರಿಗೆ 10 ಅಂಕದ ಇನಾಮು.

ಇದರಲ್ಲಿ ಹೊಸಬರ ಕಣ್ಣಿಗೆ ಬೀಳದ ಸಂಗತಿಯೆಂದರೆ ಸರದಿಯ ಬೆಲೆ. ಆರು ಮನೆಯ ತುಂಡೊಂದನ್ನು ಹಿಡಿದರೆ 15 ಅಂಕ. ಅದಕ್ಕೆ ಆರು ಕಾರ್ಡ್ ಕೂಡಿಸಲು ಮೂರು ಸರದಿ, ಇಡಲು ಒಂದು, ಒಟ್ಟು ನಾಲ್ಕು. ಅದೇ ಆರು ಬೋಗಿಗಳನ್ನು ಎರಡೆರಡು ಮನೆಯ ಮೂರು ತುಂಡುಗಳ ಮೇಲೆ ಇಟ್ಟರೆ ತುಂಡಿಗೆ ಎರಡರಂತೆ ಬರುವುದು 6 ಅಂಕ. ಹಿಡಿಯುವ ಸರದಿ ಆರು, ಯಾಕೆಂದರೆ ಪ್ರತಿ ತುಂಡಿಗೂ ಇಡುವ ಸರದಿ ಬೇರೆ ಬೇರೆ ಖರ್ಚಾಗುತ್ತದೆ. ಬೋಗಿ ಅಷ್ಟೇ, ಸಮಯ ಒಂದೂವರೆ ಪಟ್ಟು, ಗಳಿಕೆ ಅರ್ಧಕ್ಕಿಂತ ಕಡಿಮೆ. ಹೀಗಾಗಿ ಉದ್ದದ ಟಿಕೆಟ್ಟಿನ ನಿಜವಾದ ಆಕರ್ಷಣೆ ಅದರ ಮೇಲೆ ಅಚ್ಚಾದ ಅಂಕವೊಂದೇ ಅಲ್ಲ. ಅದು ನಿಮ್ಮನ್ನು ಉದ್ದ ತುಂಡುಗಳ ಮೇಲೆ ನಡೆಸುತ್ತದೆ, ನಡೆಯುವಾಗಲೇ ಅಂಕ ಉದುರುತ್ತವೆ.

ಈಗ ಒಂದು ಕೈಯನ್ನೇ ತೆಗೆದುಕೊಳ್ಳೋಣ. ನಿಮಗೆ ಬಂದಿರುವುದು ಸಿಯಾಟಲ್–ನ್ಯೂಯಾರ್ಕ್ (22), ಲಾಸ್ ಏಂಜಲೀಸ್–ಮಯಾಮಿ (20), ಪೋರ್ಟ್‌ಲ್ಯಾಂಡ್–ನ್ಯಾಶ್‌ವಿಲ್ (17). ಮೂರೂ ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ಉದ್ದ ದಾರಿಗಳು. ಯಾವುದನ್ನು ಬಿಡುತ್ತೀರಿ?

ಮೊದಲು ಸಿಯಾಟಲ್–ನ್ಯೂಯಾರ್ಕ್. ಸಿಯಾಟಲ್‌ನಿಂದ ಹೆಲೆನಾಕ್ಕೆ ಆರು ಹಳದಿ, ಹೆಲೆನಾದಿಂದ ಡುಲೂತ್‌ಗೆ ಆರು ಕಿತ್ತಳೆ, ಅಲ್ಲಿಂದ ಶಿಕಾಗೊಗೆ ಮೂರು ಕೆಂಪು, ಶಿಕಾಗೊದಿಂದ ಪಿಟ್ಸ್‌ಬರ್ಗ್‌ಗೆ ಮೂರು, ಪಿಟ್ಸ್‌ಬರ್ಗ್‌ನಿಂದ ನ್ಯೂಯಾರ್ಕ್‌ಗೆ ಎರಡು. ಒಟ್ಟು 20 ಬೋಗಿ. ತುಂಡುಗಳಿಂದ 40 ಅಂಕ, ಟಿಕೆಟ್ಟಿನದು 22. ಇನ್ನು ಲಾಸ್ ಏಂಜಲೀಸ್–ಮಯಾಮಿ: ಎಲ್ ಪಾಸೊಗೆ ಆರು, ಹ್ಯೂಸ್ಟನ್‌ಗೆ ಆರು, ನ್ಯೂ ಆರ್ಲಿಯನ್ಸ್‌ಗೆ ಎರಡು, ಮಯಾಮಿಗೆ ಆರು. ಇದಕ್ಕೂ 20 ಬೋಗಿ. ತುಂಡುಗಳಿಂದ 47, ಟಿಕೆಟ್ಟಿನಿಂದ 20. ಎರಡೂ ಕೈಗೂಡಿದರೆ 129 ಅಂಕ. ಈ ಸಂಖ್ಯೆ ನೋಡಿದವರು ಪೋರ್ಟ್‌ಲ್ಯಾಂಡನ್ನು ಬಿಟ್ಟುಬಿಡುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ.

ಆದರೆ ಆ ಎರಡು ದಾರಿಗಳು ಎಲ್ಲಿಯೂ ಕೂಡುವುದಿಲ್ಲ. ಒಂದು ಕೆನಡಾದ ಗಡಿಗೆ ಹತ್ತಿರ, ಇನ್ನೊಂದು ಮೆಕ್ಸಿಕೊ ಅಂಚಿನಲ್ಲಿ. ಒಂದಕ್ಕೆ ಇಟ್ಟ ಬೋಗಿಯಿಂದ ಇನ್ನೊಂದಕ್ಕೆ ಪ್ರಯೋಜನವಿಲ್ಲ. ಬೇಕಾದ ಕಾರ್ಡ್ 40. ಮೊದಲೇ ಕೈಗೆ ಬಂದಿರುವ ನಾಲ್ಕನ್ನು ಕಳೆದರೆ 36. ಅದಕ್ಕೆ 18 ಸರದಿ, ತುಂಡು ಹಿಡಿಯಲು ಒಂಬತ್ತು. ಒಂದು ಕಾರ್ಡೂ ದಂಡವಾಗದಿದ್ದರೆ 27 ಸರದಿ. ಕಾರ್ಡ್ ದಂಡವಾಗದ ಆಟವನ್ನು ಯಾರೂ ಕಂಡಿಲ್ಲ. ಎದುರಿನವರು ಉದ್ದ ತುಂಡುಗಳನ್ನೇ ಹಿಡಿಯುತ್ತಾ ಹೋದರೆ ಸುಮಾರು ಮೂವತ್ತು ಸರದಿಯಲ್ಲಿ ಬೋಗಿ ಖಾಲಿ ಮಾಡಬಲ್ಲರು. ಅಂದರೆ ನಿಮ್ಮದು ತುದಿಗಾಲ ಮೇಲಿನ ಯೋಜನೆ. ಬೇರೆ ಬೇರೆ ಬಣ್ಣದ ಆರಾರರ ಐದು ಕಂತೆಗಳು ಬೇಕು, 45ರಲ್ಲಿ ಐದು ಬೋಗಿ ಮಾತ್ರ ಮಿಗತೆ. ಎಲ್ಲಾದರೂ ಒಂದು ಕಡೆ ದಾರಿ ಮುಚ್ಚಿದರೆ ಬಳಸಿ ಹೋಗಲು ಬೋಗಿ ಸಾಲದು.

ಈಗ ಸಿಯಾಟಲ್–ನ್ಯೂಯಾರ್ಕ್ ಜೊತೆಗೆ ಕಡಿಮೆ ಅಂಕದ ಪೋರ್ಟ್‌ಲ್ಯಾಂಡ್–ನ್ಯಾಶ್‌ವಿಲ್ ಇಟ್ಟುಕೊಂಡು ನೋಡಿ. ಪೋರ್ಟ್‌ಲ್ಯಾಂಡ್ ಸಿಯಾಟಲ್‌ನ ಪಕ್ಕದ ಊರು, ನಡುವೆ ಒಂದೇ ಮನೆ. ಸಿಯಾಟಲ್‌ನಿಂದ ಶಿಕಾಗೊವರೆಗೆ ಹೇಗೂ ಹಳಿ ಹಾಕುತ್ತೀರಿ. ಶಿಕಾಗೊದಿಂದ ಸೇಂಟ್ ಲೂಯಿಸ್‌ಗೆ ಎರಡು, ಅಲ್ಲಿಂದ ನ್ಯಾಶ್‌ವಿಲ್‌ಗೆ ಎರಡು. ಅಂದರೆ ಇನ್ನೈದೇ ಬೋಗಿ ಸೇರಿಸಿದರೆ 17 ಅಂಕದ ಟಿಕೆಟ್ ಕೈಗೂಡಿತು. ಒಟ್ಟು 25 ಬೋಗಿ. ತುಂಡುಗಳಿಂದ 45, ಟಿಕೆಟ್‌ಗಳಿಂದ 39, ಸೇರಿ 84. ಸರದಿಯ ಲೆಕ್ಕ ಹಾಕಿದರೆ ಕಾರ್ಡಿಗೆ ಹನ್ನೊಂದು, ಇಡಲು ಎಂಟು, ಒಟ್ಟು 19.

129 ಎಲ್ಲಿ, 84 ಎಲ್ಲಿ ಎನ್ನಬಹುದು. ಆದರೆ 84 ಬಂದಾಗ ನಿಮ್ಮ ಕೈಯಲ್ಲಿ ಇನ್ನೂ 20 ಬೋಗಿಗಳಿವೆ, ಎಂಟು ಹತ್ತು ಸರದಿಯೂ ಉಳಿದಿವೆ. ನಕ್ಷೆಯ ಮೇಲೆ ಪೆಸಿಫಿಕ್ ಕರಾವಳಿಯಿಂದ ಅಟ್ಲಾಂಟಿಕ್‌ವರೆಗೆ ನಿಮ್ಮದೊಂದು ಬೆನ್ನೆಲುಬು ಮಲಗಿದೆ. ಈಗ ಹೊಸ ಟಿಕೆಟ್ ಎತ್ತಿದರೆ ಮೂರು ಬರುತ್ತವೆ, ಒಂದನ್ನು ಮಾತ್ರ ಇಟ್ಟುಕೊಂಡರೂ ಸಾಕು. ಆ ಮೂರರಲ್ಲಿ ವ್ಯಾಂಕೂವರ್–ಮಾಂಟ್ರಿಯಲ್ (20) ಬಂತು ಎನ್ನಿ. ವ್ಯಾಂಕೂವರ್‌ನಿಂದ ಸಿಯಾಟಲ್‌ಗೆ ಒಂದು ಮನೆ, ನ್ಯೂಯಾರ್ಕ್‌ನಿಂದ ಮಾಂಟ್ರಿಯಲ್‌ಗೆ ಮೂರು. ನಾಲ್ಕು ಬೋಗಿಗೆ 20 ಅಂಕದ ಟಿಕೆಟ್! ಡೆನ್ವರ್–ಪಿಟ್ಸ್‌ಬರ್ಗ್ (11) ಬಂದರೆ ಹೆಲೆನಾದಿಂದ ಡೆನ್ವರ್‌ಗೆ ನಾಲ್ಕು ಬೋಗಿ ಇಳಿಸಿದರೆ ಮುಗಿಯಿತು. ಯಾವ ಟಿಕೆಟ್ ಬರುತ್ತದೋ ಯಾರೂ ಹೇಳಲಾರರು. ಆದರೆ ದೇಶದ ಉದ್ದಕ್ಕೂ ಹಳಿ ಇರುವವರಿಗೆ ಮೂರರಲ್ಲಿ ಒಂದಾದರೂ ಅಗ್ಗವಾಗಿ ಬೀಳುವ ಸಂಭವ ಚೆನ್ನಾಗಿಯೇ ಇರುತ್ತದೆ. ಉದ್ದದ ಗುರಿಯನ್ನು ಮೊದಲೇ ಆರಿಸಿಕೊಳ್ಳಬೇಕು ಎನ್ನುವುದು ಇದಕ್ಕೇ. ಆಟದ ಕೊನೆಯಲ್ಲಿ ಸಿಕ್ಕ ಉದ್ದ ಟಿಕೆಟ್ ಬರೀ ಸಾಲ. ಮೊದಲೇ ಕಟ್ಟಿದ ಉದ್ದದ ದಾರಿ ಮುಂದೆ ಬರುವ ಟಿಕೆಟ್‌ಗಳಿಗೆಲ್ಲ ಮೂಲ ಬಂಡವಾಳ.

ಇಬ್ಬರೇ ಆಡುವಾಗ, ಎದುರಿನವರು ಅಡ್ಡಬರುವ ಸ್ವಭಾವದವರಲ್ಲ ಎಂದು ಗೊತ್ತಿದ್ದಾಗ 129ರ ದಾರಿ ಹಿಡಿದು ಗೆಲ್ಲುವವರೂ ಇದ್ದಾರೆ. ನಾನಂತೂ ಕೂಡುವ ದಾರಿಗಳ ಪಕ್ಷ.

ಆಯ್ಕೆಯ ಹೊತ್ತಿನಲ್ಲಿ ಅಂಕದಷ್ಟೇ ಬಣ್ಣವನ್ನೂ ನೋಡಬೇಕು. ನ್ಯಾಶ್‌ವಿಲ್‌ಗೆ ಪಿಟ್ಸ್‌ಬರ್ಗ್‌ನಿಂದ ನಾಲ್ಕು ಮನೆಯ ನೇರ ತುಂಡೊಂದಿದೆ. ಸೇಂಟ್ ಲೂಯಿಸ್ ಬಳಸಿ ಹೋದರೂ ನಾಲ್ಕೇ ಬೋಗಿ, ಆದರೆ ಅಲ್ಲಿ ಎರಡು ತುಂಡು, 4 ಅಂಕ. ನೇರ ತುಂಡಿನಲ್ಲಿ ಒಂದೇ ಸಲಕ್ಕೆ 7. ಕಾಗದದ ಮೇಲೆ ನೇರವೇ ಲೇಸು. ತೊಡಕೆಂದರೆ ಅದರ ಬಣ್ಣ ಹಳದಿ. ಸಿಯಾಟಲ್–ಹೆಲೆನಾಕ್ಕೆ ಆಗಲೇ ಆರು ಹಳದಿ ಹೋಗಿರುತ್ತವೆ. ಇಡೀ ಪೆಟ್ಟಿಗೆಯಲ್ಲಿ ಹಳದಿ ಇರುವುದೇ 12, ಅದರಲ್ಲಿ ಹತ್ತು ನಿಮಗೇ ಬರಲಿ ಎಂದು ಕಾಯುತ್ತಾ ಕೂತರೆ ಎದುರಿನವರು ಆಟ ಮುಗಿಸಿರುತ್ತಾರೆ. ಎಂಜಿನ್ ಕಾರ್ಡ್ ಸುರಿದು ತುಂಬಿಸಬಹುದು, ಆದರೆ ತೆರೆದಿಟ್ಟ ಐದರಲ್ಲಿ ಎಂಜಿನ್ ಎತ್ತಿಕೊಂಡರೆ ಆ ಸರದಿಗೆ ಅದೊಂದೇ, ಎರಡನೇ ಕಾರ್ಡ್ ಇಲ್ಲ.

ಇನ್ನು ಅಡ್ಡಗಟ್ಟುವ ವಿಷಯ. ಆಟದ ಮೇಜಿನ ಸುತ್ತ ಮನಸ್ತಾಪ ಹುಟ್ಟುವುದು ಇಲ್ಲೇ. ಚೌಕಾಬಾರದಲ್ಲಿ ಎದುರಾಳಿಯ ಕಾಯಿ ಕಡಿದರೆ ಅವರಿಗೆ ನಷ್ಟ, ನಿಮಗೆ ಇನ್ನೊಂದು ಆಟದ ಬಹುಮಾನ. ಕಡಿಯುವುದು ಯಾವಾಗಲೂ ಲಾಭವೇ. ಆ ಅಭ್ಯಾಸದಲ್ಲಿ ಬಂದವರು ಇಲ್ಲಿಯೂ ಸಿಕ್ಕಿದ್ದನ್ನೆಲ್ಲ ಕಡಿಯಲು ಹೋಗುತ್ತಾರೆ. ಇಲ್ಲಿ ಅಡ್ಡಗಟ್ಟಲು ಸರದಿಯೊಂದು ನಿಮ್ಮದೇ ಖರ್ಚಾಗುತ್ತದೆ, ಕಾರ್ಡ್ ನಿಮ್ಮದೇ ಹೋಗುತ್ತದೆ, ಬೋಗಿಯೂ ನಿಮ್ಮದೇ.

ಮೇಲಿನ ದಾರಿಯನ್ನೇ ಈಗ ಎದುರಾಳಿ ಕಟ್ಟುತ್ತಿದ್ದಾರೆ ಎಂದುಕೊಳ್ಳಿ. ಸಿಯಾಟಲ್–ಹೆಲೆನಾ, ಹೆಲೆನಾ–ಡುಲೂತ್ ಹಿಡಿದಾಗಿದೆ. ಆ ಕಡೆ ಶಿಕಾಗೊ–ಪಿಟ್ಸ್‌ಬರ್ಗ್, ಪಿಟ್ಸ್‌ಬರ್ಗ್–ನ್ಯೂಯಾರ್ಕ್ ಕೂಡ ಆಗಿದೆ. ನಡುವೆ ಡುಲೂತ್–ಶಿಕಾಗೊ, ಮೂರು ಕೆಂಪು ಮನೆಯ ಒಂಟಿ ತುಂಡು ಬಾಕಿ. ನಿಮ್ಮ ಕೈಯಲ್ಲಿ ಮೂರು ಕೆಂಪು ಕಾರ್ಡಿವೆ. ನಿಮ್ಮ ಟಿಕೆಟ್‌ಗಳಿಗೆ ಆ ತುಂಡು ಬೇಕಿಲ್ಲ. ಹಿಡಿಯಬೇಕೇ?

ಆಟದ ಮಧ್ಯಭಾಗ, ಅವರ ಬಳಿ 28 ಬೋಗಿ ಉಳಿದಿವೆ ಎಂದಾದರೆ ಪರಿಣಾಮ ಇಷ್ಟು. ಅವರು ಡುಲೂತ್‌ನಿಂದ ಒಮಾಹಾಕ್ಕೆ ಎರಡು, ಒಮಾಹಾದಿಂದ ಶಿಕಾಗೊಗೆ ನಾಲ್ಕು ಬೋಗಿ ಇಟ್ಟು ಬಳಸುದಾರಿಯಲ್ಲಿ ಬರುತ್ತಾರೆ. ಮೂರು ಕಾರ್ಡ್ ಹೆಚ್ಚು ಬೇಕು, ಇಡುವ ಸರದಿ ಒಂದು ಹೆಚ್ಚು, ಸೇರಿ ಸುಮಾರು ಎರಡೂವರೆ ಸರದಿ ತಡ. ಆದರೆ ನೇರ ತುಂಡಿಗೆ 4 ಅಂಕ ಸಿಗುತ್ತಿದ್ದವರಿಗೆ ಈಗ 2 ಮತ್ತು 7, ಒಟ್ಟು 9 ಸಿಕ್ಕಿತು. ನೀವು ತೋರಿಸಿದ ಬಳಸುದಾರಿಯಲ್ಲಿ ಅವರು ಐದು ಅಂಕ ಹೆಚ್ಚೇ ಗಳಿಸಿದರು! ತಡವಾದ ಎರಡೂವರೆ ಸರದಿಯಲ್ಲಿ ಅವರು ಬೇರೆ ಕಡೆ ಆರೇಳು ಅಂಕ ಮಾಡಿಕೊಳ್ಳುತ್ತಿದ್ದರೇನೋ, ಅದು ಹೋಯಿತು. ಇತ್ತ ನೀವು ಮೂರು ಕಾರ್ಡು ಮತ್ತು ಒಂದು ಸರದಿ ಕೊಟ್ಟು 4 ಅಂಕ ಪಡೆದಿರಿ, ಅದೇ ಸರದಿಗಳಲ್ಲಿ ನಿಮ್ಮ ದಾರಿಯ ಉದ್ದ ತುಂಡಿಗೆ ಕೆಲಸ ಮಾಡಿದ್ದರೆ ಹೆಚ್ಚು ಬರುತ್ತಿತ್ತು. ಕೂಡಿ ಕಳೆದರೆ ಇಬ್ಬರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ, ಮೇಜಿನ ಮೇಲೆ ಮುಖ ಸಿಂಡರಿಸಿದ್ದಷ್ಟೇ ಉಳಿಯಿತು.

ಅದೇ ತುಂಡು, ಅದೇ ಕಾರ್ಡು, ಹೊತ್ತು ಮಾತ್ರ ಬೇರೆ. ಈಗ ನಿಮ್ಮ ಬಳಿ ಐದೇ ಬೋಗಿ ಉಳಿದಿವೆ. ಎದುರಾಳಿಯ ಬಳಿ ಒಂಬತ್ತಿವೆ ಎನ್ನಿ, ಬಳಸುದಾರಿಗೆ ಬೇಕಾದ ಆರಕ್ಕಿಂತ ಹೆಚ್ಚೇ. ಕಾರ್ಡ್ ಕೂಡ ಅವರ ಕೈಯಲ್ಲಿ ಸಿದ್ಧವಾಗಿವೆ ಎಂದೇ ಇಟ್ಟುಕೊಳ್ಳಿ. ನೀವು ಮೂರು ಬೋಗಿ ಇಟ್ಟು ಡುಲೂತ್–ಶಿಕಾಗೊ ಹಿಡಿದಿರಿ. ನಿಮ್ಮಲ್ಲಿ ಉಳಿದದ್ದು ಎರಡು, ಅಲ್ಲಿಗೆ ಆಟದ ಕೊನೆಯ ಸುತ್ತು ಶುರುವಾಯಿತು. ಎದುರಾಳಿಗೆ ಇರುವುದು ಒಂದೇ ಸರದಿ, ಬಳಸುದಾರಿಗೆ ಬೇಕಾದದ್ದು ಎರಡು. ಅವರ ಟಿಕೆಟ್ ಸತ್ತಿತು. 22 ಸೇರಬೇಕಾದವರಿಗೆ 22 ಕಳೆಯಿತು, ಒಟ್ಟು 44 ಅಂಕದ ಏರುಪೇರು. ಉದ್ದದ ದಾರಿಯ 10 ಅಂಕವೂ ಅದೇ ಮುರಿದ ಜಾಗದಲ್ಲಿ ಕೈತಪ್ಪಿದರೆ ಆಶ್ಚರ್ಯವಿಲ್ಲ.

ಅಡ್ಡಗಟ್ಟುವುದರ ಬೆಲೆ ತುಂಡಿನಲ್ಲಿಲ್ಲ, ಗಡಿಯಾರದಲ್ಲಿದೆ. ಬಳಸಿ ಬರಲು ಎದುರಾಳಿಗೆ ಬೋಗಿಯೂ ಸರದಿಯೂ ಇರುವವರೆಗೆ ನಿಮ್ಮ ಅಡ್ಡ ಒಂದು ಕಿರಿಕಿರಿ ಮಾತ್ರ. ಅವೆರಡರಲ್ಲಿ ಒಂದು ತೀರಿದ ಗಳಿಗೆಯಲ್ಲಿ ಅದೇ ಅಡ್ಡ ಆಟವನ್ನೇ ತಿರುಗಿಸುತ್ತದೆ. ಹಾಗಾಗಿ ಪಳಗಿದವರು ಎದುರಿನವರ ಮುಂದಿರುವ ಬೋಗಿಗಳನ್ನು ಎಣಿಸುತ್ತಲೇ ಇರುತ್ತಾರೆ. ಹನ್ನೆರಡು ಹದಿಮೂರಕ್ಕೆ ಇಳಿದವು ಎಂದರೆ ನಕ್ಷೆಯ ಕಡೆ ಮತ್ತೊಮ್ಮೆ ಕಣ್ಣು ಹಾಯಿಸುತ್ತಾರೆ: ಇವರ ಎರಡು ಹಳಿಗಳ ನಡುವೆ ಬಿರುಕು ಎಲ್ಲಿದೆ, ಅದನ್ನು ಬಳಸಲು ಎಷ್ಟು ತುಂಡು ಬೇಕು. ಬೋಗಿಯ ಲೆಕ್ಕಕ್ಕಿಂತ ತುಂಡಿನ ಲೆಕ್ಕ ಮುಖ್ಯ, ಯಾಕೆಂದರೆ ಒಂದು ಸರದಿಗೆ ಒಂದೇ ತುಂಡು. ನಿಮ್ಮ ಕಡೆಯಿಂದ ಆಟವನ್ನು ಬೇಗ ಮುಗಿಸುವುದೂ ಒಂದು ಬಗೆಯ ಅಡ್ಡಗಟ್ಟುವಿಕೆಯೇ. ಯಾವ ತುಂಡನ್ನೂ ಮುಚ್ಚದೆ, ಎಲ್ಲೋ ಮೂಲೆಯಲ್ಲಿ ಆರು ಬೋಗಿ ಇಟ್ಟು ಬೋಗಿ ಖಾಲಿ ಮಾಡಿದರೂ ಎದುರಿನವರ ಅರ್ಧ ಕಟ್ಟಿದ ಟಿಕೆಟ್‌ಗಳು ಅಲ್ಲಲ್ಲೇ ನಿಲ್ಲುತ್ತವೆ.

ಇಬ್ಬರ ಆಟದಲ್ಲಿ ಎದುರಾಳಿಗೆ ಆದ ನಷ್ಟವೆಲ್ಲ ನಿಮ್ಮ ಲಾಭ. ನಾಲ್ವರು ಕೂತಾಗ ಹಾಗಲ್ಲ. ನೀವು ಕಾರ್ಡ್ ಸುಟ್ಟು ಒಬ್ಬರ ದಾರಿ ಕೆಡಿಸಿದಿರಿ, ಅದರ ಫಲವನ್ನು ಸುಮ್ಮನೆ ತಮ್ಮ ಕೆಲಸ ಮಾಡಿಕೊಂಡಿದ್ದ ಉಳಿದಿಬ್ಬರು ಬಿಡಿಗಾಸಿಲ್ಲದೆ ಉಂಡರು. ನಾಲ್ವರ ಆಟದಲ್ಲಿ ಬರೀ ಕೆಡಿಸಲೆಂದೇ ಅಡ್ಡಗಟ್ಟುವವರು ಗೆಲ್ಲುವುದು ಕಡಿಮೆ. ಮುಂದಿರುವವರು ಯಾರೆಂದು ಸ್ಪಷ್ಟವಾಗಿದ್ದು, ಅವರ ಟಿಕೆಟ್ ಸಾಯುವುದು ಖಚಿತವಾಗಿದ್ದರೆ ಮಾತ್ರ ಯೋಚಿಸಬೇಕು. ಉಳಿದಂತೆ ತನಗೆ ಬೇಕಾದ ತುಂಡು ಇನ್ನೊಬ್ಬರಿಗೂ ಬೇಕಾಗಿದ್ದರೆ ಅದನ್ನು ಮೊದಲು ಹಿಡಿಯುವುದು ಜಾಣತನ. ಅದಕ್ಕೆ ಯಾರೂ ಬೇಸರಪಡಬೇಕಾಗಿಲ್ಲ. ಬೇಸರಪಡುತ್ತಾರೆ, ಆ ಮಾತು ಬೇರೆ.

ಇದೇ ಲೆಕ್ಕವನ್ನು ತಿರುಗಿಸಿ ಹಿಡಿದರೆ ನಮ್ಮ ದಾರಿಯನ್ನು ಕಾಯುವುದು ಹೇಗೆಂದು ತಿಳಿಯುತ್ತದೆ. ಟಿಕೆಟ್ಟಿನ ಪ್ರತಿ ತುದಿ ಊರಿಗೂ ಎಷ್ಟು ಬಾಗಿಲಿವೆ ಎಂದು ನೋಡಿ. ನ್ಯಾಶ್‌ವಿಲ್‌ಗೆ ಐದು ಕಡೆಯಿಂದ ಬರಬಹುದು: ಸೇಂಟ್ ಲೂಯಿಸ್, ಲಿಟಲ್ ರಾಕ್, ಪಿಟ್ಸ್‌ಬರ್ಗ್, ರಾಲೀ, ಅಟ್ಲಾಂಟಾ. ಒಂದು ಮುಚ್ಚಿದರೆ ಇನ್ನೊಂದು, ಅವಸರವಿಲ್ಲ. ಪೋರ್ಟ್‌ಲ್ಯಾಂಡ್‌ಗೆ ಮೂರೇ. ಸಿಯಾಟಲ್ ಕಡೆಯ ಬಾಗಿಲಿಗೆ ಒಂದೇ ಮನೆ, ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಐದು, ಸಾಲ್ಟ್ ಲೇಕ್ ಸಿಟಿ ಕಡೆಗೆ ಆರು. ಸಿಯಾಟಲ್–ಪೋರ್ಟ್‌ಲ್ಯಾಂಡ್ ನಡುವೆ ಜೋಡಿ ಹಳಿ ಇದೆಯಾದರೂ ಇಬ್ಬರು ಅಥವಾ ಮೂವರು ಆಡುವಾಗ ಜೋಡಿ ಹಳಿಯಲ್ಲಿ ಒಂದನ್ನು ಹಿಡಿದ ಕೂಡಲೇ ಇನ್ನೊಂದು ಮುಚ್ಚುತ್ತದೆ. ನಾಲ್ವರೋ ಐವರೋ ಆಡಿದರೆ ಮಾತ್ರ ಎರಡೂ ತೆರೆದಿರುತ್ತವೆ. ಇಬ್ಬರ ಆಟದಲ್ಲಿ ಆ ಒಂದು ಮನೆ ಕೈತಪ್ಪಿದರೆ ನೀವು ಪೋರ್ಟ್‌ಲ್ಯಾಂಡ್‌ನಿಂದ ಸಾಲ್ಟ್ ಲೇಕ್ ಸಿಟಿಗೆ ಆರು, ಅಲ್ಲಿಂದ ಹೆಲೆನಾಕ್ಕೆ ಮೂರು ಹಾಕಿಕೊಂಡು ಬರಬೇಕು. ಒಂದು ಬೋಗಿಯ ಕೆಲಸಕ್ಕೆ ಒಂಬತ್ತು. ಹಾಗಾಗಿ ಯಾವುದೋ ಒಂದು ಕಾರ್ಡ್ ಕೊಟ್ಟು ಮೊದಲ ಕೆಲವು ಸರದಿಗಳಲ್ಲೇ ಆ ಬಾಗಿಲನ್ನು ಹಿಡಿದುಬಿಡುವುದು ಒಳ್ಳೆಯದು, ಸಿಗುವುದು ಒಂದೇ ಅಂಕವಾದರೂ.

ಡುಲೂತ್–ಶಿಕಾಗೊ ಕೂಡ ಇಂಥದೇ ಕಿರಿದಾದ ಜಾಗ, ಆದರೆ ಇದರಲ್ಲೊಂದು ಸೂಕ್ಷ್ಮವಿದೆ. ಹೆಲೆನಾದಿಂದ ಶಿಕಾಗೊಗೆ ಡುಲೂತ್ ಮೇಲೆ ಹೋದರೂ ಒಂಬತ್ತೇ ಬೋಗಿ, ಒಮಾಹಾ ಮೇಲೆ ಹೋದರೂ ಒಂಬತ್ತೇ. ಹೆಲೆನಾದಲ್ಲಿ ನಿಂತಿರುವವರೆಗೆ ನಿಮಗೆ ಎರಡು ಸಮನಾದ ದಾರಿಗಳಿವೆ. ಡುಲೂತ್‌ಗೆ ಆರು ಕಿತ್ತಳೆ ಇಟ್ಟ ಮರುಕ್ಷಣ ಒಂದೇ. ಆದ್ದರಿಂದ ಕಿತ್ತಳೆ ಆರೂ ಕೈಗೆ ಬಂದವು ಎಂದು ಆತುರಪಡದೆ ಮೂರು ಕೆಂಪೂ ಸೇರಿದ ಮೇಲೆ ಎರಡು ತುಂಡುಗಳನ್ನೂ ಒಂದರ ಹಿಂದೆ ಒಂದರಂತೆ ಹಿಡಿಯುವುದು ವಾಸಿ. ಮೊದಲು ಚಿಕ್ಕದನ್ನು, ಆಮೇಲೆ ದೊಡ್ಡದನ್ನು. ಚಿಕ್ಕ ತುಂಡು ನೋಡಿ ಯಾರಿಗೂ ನಿಮ್ಮ ಉದ್ದೇಶ ಹೊಳೆಯುವುದಿಲ್ಲ. ಆರರ ತುಂಡು ಇಟ್ಟರೆ ಇಡೀ ಮೇಜು ತಲೆಯೆತ್ತಿ ನೋಡುತ್ತದೆ. ಕಾಯುವುದರಲ್ಲೂ ಅಪಾಯವಿಲ್ಲವೆಂದಲ್ಲ, ಆ ಕಿತ್ತಳೆ ತುಂಡನ್ನೇ ಇನ್ನೊಬ್ಬರು ಹಿಡಿಯಬಹುದು. ಆಗ ಒಮಾಹಾ ಇದ್ದೇ ಇದೆ.

ಎದುರಿನವರ ಟಿಕೆಟ್ ಏನೆಂದು ಊಹಿಸುವುದು ಹೇಗೆ? ಅವರು ತೆರೆದ ಐದು ಕಾರ್ಡ್‌ಗಳಿಂದ ಏನನ್ನು ಎತ್ತುತ್ತಾರೆ ಎಂಬುದು ಎಲ್ಲರಿಗೂ ಕಾಣುತ್ತದೆ. ಹೆಲೆನಾದವರೆಗೆ ಬಂದವರು ಕಿತ್ತಳೆಯ ಮೇಲೆ ಕಿತ್ತಳೆ ಎತ್ತುತ್ತಿದ್ದರೆ ಡುಲೂತ್ ನೆನಪಾಗಬೇಕು, ಯಾಕೆಂದರೆ ಆರು ಮನೆಯ ಕಿತ್ತಳೆ ತುಂಡು ನಕ್ಷೆಯಲ್ಲಿ ಅದೊಂದೇ. ಕಾರ್ಡ್ ಎತ್ತುತ್ತಿದ್ದವರು ತಟ್ಟನೆ ನಿಲ್ಲಿಸಿ ಬೇರೆ ಬಣ್ಣಕ್ಕೆ ಹೊರಳಿದರೆ ಒಂದು ಕಂತೆ ಸಿದ್ಧವಾಯಿತೆಂದು ಅರ್ಥ. ಗುಟ್ಟು ಕಾಯಬೇಕೆನ್ನುವವರು ಮುಚ್ಚಿದ ಕಟ್ಟಿನಿಂದಲೇ ಎತ್ತುತ್ತಾರೆ. ಆದರೂ ಊಹೆ ಊಹೆಯೇ. ಸಿಯಾಟಲ್‌ನಿಂದ ಡುಲೂತ್‌ವರೆಗೆ ಹಳಿ ಹಾಕಿದವರ ಕೈಯಲ್ಲಿ ಡುಲೂತ್–ಹ್ಯೂಸ್ಟನ್ (8) ಇರಬಹುದು, ಡುಲೂತ್–ಎಲ್ ಪಾಸೊ (10) ಇರಬಹುದು. ನೀವು ಮೂರು ಕೆಂಪು ಸುರಿದು ಶಿಕಾಗೊ ದಾರಿ ಮುಚ್ಚಿ ಬೀಗುತ್ತಿರುವಾಗ ಅವರು ನಗುತ್ತಾ ಒಮಾಹಾಕ್ಕೆ ಇಳಿಯುತ್ತಾರೆ. ಎರಡು ತುದಿಯಿಂದಲೂ ಕಟ್ಟುತ್ತಾ ಬಂದು ನಡುವೆ ಮಾತ್ರ ಬಾಕಿ ಉಳಿಸಿದವರ ಗುರಿ ಬಹುಪಾಲು ಖಚಿತ, ಒಂದೇ ತುದಿಯಿಂದ ಬೆಳೆಯುತ್ತಾ ಹೋಗುವವರದು ಅಲ್ಲ. ನಮ್ಮ ದಾರಿ ಕಟ್ಟುವಾಗಲೂ ಇದನ್ನು ನೆನಪಿಡಬಹುದು.

ಅಡ್ಡಗಟ್ಟುವುದು ಎಷ್ಟು ಚುಚ್ಚಬೇಕು ಎಂಬುದನ್ನು ಆಟ ರಚಿಸುವವರೇ ಹೆಚ್ಚು ಕಡಿಮೆ ಮಾಡುತ್ತಾರೆ. 2001ರ ‘ಟ್ರಾನ್ಸ್‌ಅಮೆರಿಕಾ’ ಆಟದಲ್ಲಿ ಹಾಕಿದ ಹಳಿ ಎಲ್ಲರದೂ, ಯಾರ ದಾರಿಯನ್ನು ಯಾರೂ ಮುಚ್ಚುವಂತಿಲ್ಲ, ಬೇರೆಯವರ ಹಳಿಗೆ ಎಲ್ಲಿ ಸೇರಿಕೊಳ್ಳಬೇಕು ಎಂಬುದೇ ಅಲ್ಲಿನ ಜಾಣ್ಮೆ. ಮೂನ್ ತಮ್ಮ 2005ರ ಯೂರೋಪ್ ನಕ್ಷೆಯಲ್ಲಿ ಮಧ್ಯದ ದಾರಿ ಹಿಡಿದರು. ಅಲ್ಲಿ ಪ್ರತಿಯೊಬ್ಬರಿಗೂ ಮೂರು ಪುಟ್ಟ ನಿಲ್ದಾಣಗಳು. ದಾರಿ ಮುಚ್ಚಿದಾಗ ಊರೊಂದರಲ್ಲಿ ನಿಲ್ದಾಣ ಇಟ್ಟರೆ ಅಲ್ಲಿಂದ ಹೊರಡುವ ಇನ್ನೊಬ್ಬರ ಒಂದು ತುಂಡನ್ನು ನಿಮ್ಮ ಟಿಕೆಟ್ಟಿಗೆ ಲೆಕ್ಕ ಹಿಡಿಯಬಹುದು. ಬಳಸದೆ ಉಳಿದ ನಿಲ್ದಾಣಕ್ಕೆ ತಲಾ 4 ಅಂಕ, ಅಂದರೆ ಅಡ್ಡಗಟ್ಟಿಸಿಕೊಂಡವರಿಗೆ ಟಿಕೆಟ್ ಸಾಯುವುದಿಲ್ಲ, ಒಂದಿಷ್ಟು ಅಂಕ ಕೈಬಿಡುತ್ತದೆ. ಅದೇ ಆಟದಲ್ಲಿ ಉದ್ದದ ಆರು ಟಿಕೆಟ್‌ಗಳನ್ನು ಬೇರೆಯೇ ಕಟ್ಟಾಗಿ ತೆಗೆದಿಟ್ಟು, ಶುರುವಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದನ್ನು ಹಂಚುತ್ತಾರೆ. ಅಮೆರಿಕ ನಕ್ಷೆಯಲ್ಲಿ ಒಬ್ಬರಿಗೆ ಮೂರೂ ಉದ್ದ, ಇನ್ನೊಬ್ಬರಿಗೆ ಮೂರೂ ಗಿಡ್ಡ ಬರುವ ಅನ್ಯಾಯ ಇಲ್ಲಿ ತಪ್ಪಿತು. ಮಕ್ಕಳೊಂದಿಗೆ, ಬೇಗ ಮುನಿಸಿಕೊಳ್ಳುವ ದೊಡ್ಡವರೊಂದಿಗೆ ಮೊದಲ ಸಲ ಆಡುವವರಿಗೆ ನಾನು ಹೇಳುವುದು ಯೂರೋಪ್ ನಕ್ಷೆಯನ್ನೇ.

2011ರಲ್ಲಿ ಬ್ರಿಟಿಷರ ಕಾಲದ ಭಾರತದ ನಕ್ಷೆಯೂ ಬಂತು. ಅದರ ವಿಶೇಷ ಮಂಡಲವೆಂಬ ಇನಾಮು: ಒಂದು ಟಿಕೆಟ್ಟಿನ ಎರಡು ಊರುಗಳನ್ನು ಪರಸ್ಪರ ಬೇರೆಯಾದ ಎರಡು ದಾರಿಗಳಿಂದ ಕೂಡಿಸಿ ಸುತ್ತು ಮುಗಿಸಿದರೆ ಹೆಚ್ಚಿನ ಅಂಕ, ಅಂಥ ಟಿಕೆಟ್‌ಗಳು ಹೆಚ್ಚಿದಷ್ಟೂ ಇನಾಮು ದೊಡ್ಡದು. ಅಮೆರಿಕ ನಕ್ಷೆಯಲ್ಲಿ ಟಿಕೆಟ್ ಕೈಗೂಡಿದ ಮೇಲೆ ಅದೇ ಎರಡು ಊರುಗಳ ನಡುವೆ ಇನ್ನೊಂದು ದಾರಿ ಕಟ್ಟುವುದು ದಂಡ. ಇಲ್ಲಿ ಅದೇ ಗಳಿಕೆ. ಹಾಗಾಗಿ ಇಲ್ಲಿ ಎದುರಾಳಿಯ ಮೊದಲ ದಾರಿಗೆ ಅಡ್ಡಬಂದರೆ ಅವರು ಹೇಗೂ ಕಟ್ಟಲಿದ್ದ ಎರಡನೆಯದನ್ನು ಮೊದಲು ಕಟ್ಟಿಕೊಳ್ಳುತ್ತಾರೆ, ಅಷ್ಟೇ. ನೋಯುವುದು ಸುತ್ತು ಮುಗಿಯಲು ಬಾಕಿಯಿರುವ ಕೊನೆಯ ತುಂಡು ಕೈತಪ್ಪಿದಾಗ.